ಹಾಲು ಕುಡಿಯುತ್ತಲೇ ನಿದ್ದೆ, ತೂಗಿದರಷ್ಟೇ ನಿದ್ದೆ: ಇದು ಸಮಸ್ಯೆಯಾ? ಬದಲಾಯಿಸೋದು ಹೇಗೆ?



ಪುಟ್ಟ ಮಗು ಇರುವ ಮನೆಯಲ್ಲಿ, ಅದರಲ್ಲೂ ಊರಿಂದ ದೂರ ಇರುವ ಮನೆಯಲ್ಲಿ, ನಿದ್ದೆಯ ಬಗ್ಗೆ ಎರಡು ಸಲಹೆಗಳು ಒಟ್ಟಿಗೇ ಬರುತ್ತವೆ. ಬಾಣಂತನಕ್ಕೆ ಬಂದ ಅಜ್ಜಿ ಹೇಳುತ್ತಾರೆ, "ಹಾಲು ಕುಡಿಸಿ ಮಲಗಿಸು, ಇಲ್ಲಾಂದ್ರೆ ಕಾಲ ಮೇಲೆ ಹಾಕಿಕೊಂಡು ತೂಗು. ನಿನ್ನನ್ನೂ ಹಾಗೇ ಬೆಳೆಸಿದ್ದು." ಕ್ಲಿನಿಕ್‌ನಲ್ಲಿ ಕೊಡುವ ಕರಪತ್ರ ಹೇಳುತ್ತೆ, "ಮಗುವಿಗೆ ಜೊಂಪು ಬಂದಿರಲಿ, ಆದರೆ ಇನ್ನೂ ಎಚ್ಚರ ಇರುವಾಗಲೇ ಹಾಸಿಗೆಯಲ್ಲಿ ಬಿಡಿ." ರಾತ್ರಿ ಎರಡು ಗಂಟೆಗೆ ಐದನೇ ಸಲ ಎದ್ದ ತಾಯಿಗೆ, ಇವೆರಡರಲ್ಲಿ ಯಾವುದನ್ನು ಕೇಳದೆ ತಪ್ಪು ಮಾಡಿದೆ ಅನ್ನೋ ಕೊರಗು ಬೇರೆ.

ಹಾಲು ಕುಡಿಸಿ ಮಲಗಿಸೋದು, ತೂಗಿ ಮಲಗಿಸೋದು, ಇವು ಕೆಟ್ಟ ಅಭ್ಯಾಸವಾ? ಯಾವಾಗ ತೊಂದರೆ ಆಗುತ್ತೆ, ಯಾವಾಗ ಆಗಲ್ಲ? ಬದಲಾಯಿಸಲೇಬೇಕು ಅಂದರೆ, ಮಗುವನ್ನು ಒಂಟಿಯಾಗಿ ಅಳಲು ಬಿಡದೆ ಹೇಗೆ ಬದಲಾಯಿಸೋದು? ಇವತ್ತು ಇದಿಷ್ಟನ್ನೇ ನೋಡೋಣ.

ಹಾಲಿಗೂ ತೂಗುವುದಕ್ಕೂ ನಿದ್ದೆ ಯಾಕೆ ಬರುತ್ತೆ?

ಮೊದಲು ಹಾಲಿನ ವಿಷಯ. ಮಗು ಹಾಲು ಚೀಪುತ್ತಿದ್ದ ಹಾಗೆ ಅದರ ಕರುಳಿನಿಂದ ಕೊಲೆಸಿಸ್ಟೊಕೈನಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಬರುತ್ತೆ. ಹೊಟ್ಟೆ ತುಂಬಿತು ಅನ್ನೋ ತೃಪ್ತಿಯನ್ನೂ ತೂಕಡಿಕೆಯನ್ನೂ ಇದು ತರುತ್ತೆ. ಹಬ್ಬದ ಊಟ ಆದಮೇಲೆ ನಮ್ಮ ಕಣ್ಣು ಎಳೆಯುತ್ತಲ್ಲ, ಹೆಚ್ಚುಕಡಿಮೆ ಅದೇ ತರಹ. ಇದರ ಜೊತೆಗೆ ರಾತ್ರಿಯ ಎದೆಹಾಲಿನಲ್ಲಿ ಮೆಲಟೋನಿನ್ ಇರುತ್ತೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುಟ್ಟಿದ ಮೊದಲ ಎರಡು ಮೂರು ತಿಂಗಳು ಮಗುವಿನ ದೇಹದ ಗಡಿಯಾರ ಇನ್ನೂ ಸರಿಯಾಗಿ ಓಡುತ್ತಿರಲ್ಲ. ಆಗ "ಈಗ ರಾತ್ರಿ" ಅನ್ನೋ ಸುದ್ದಿ ತಾಯಿಯ ಹಾಲಿನ ಮೂಲಕವೂ ಮಗುವಿಗೆ ತಲುಪುತ್ತೆ.

ಇನ್ನು ತೂಗುವುದು. ಜಪಾನಿನ ರೀಕೆನ್ ಸಂಸ್ಥೆಯಲ್ಲಿ ಕುಮಿ ಕುರೋಡ ಅವರ ತಂಡ ಇದನ್ನು ಬಹಳ ಚೆನ್ನಾಗಿ ಅಳೆದು ನೋಡಿದೆ. 2022ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 21 ಶಿಶುಗಳ ಹೃದಯ ಬಡಿತವನ್ನು ದಾಖಲಿಸಿದರು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಒಂದೇ ವೇಗದಲ್ಲಿ ನಡೆದಾಗ ಅಳು ನಿಂತಿತು, ಹೃದಯ ಬಡಿತ ಇಳಿಯಿತು, ಸುಮಾರು ಅರ್ಧದಷ್ಟು ಮಕ್ಕಳು ಹಾಗೇ ನಿದ್ದೆ ಹೋದರು. ಬರೀ ಎತ್ತಿಕೊಂಡು ಕೂತರೆ ಈ ಪರಿಣಾಮ ಕಾಣಲಿಲ್ಲ. ಅಮ್ಮ ಎತ್ತಿಕೊಂಡು ಹೊರಟಾಗ ಮರಿ ಸುಮ್ಮನಾಗುವುದು ಇಲಿಗಳಲ್ಲೂ ಕಂಡುಬಂದಿದೆ. ದೊಡ್ಡವರೂ ಇದಕ್ಕೆ ಹೊರತಲ್ಲ. ಜಿನೀವಾದಲ್ಲಿ ನಡೆದ ಪ್ರಯೋಗಗಳಲ್ಲಿ ನಾಲ್ಕು ಸೆಕೆಂಡಿಗೊಮ್ಮೆ ನಿಧಾನಕ್ಕೆ ತೂಗುವ ಮಂಚದ ಮೇಲೆ ಮಲಗಿದ ವಯಸ್ಕರಿಗೂ ಬೇಗ ನಿದ್ದೆ ಬಂತು.

ಅಂದರೆ ಅಜ್ಜಿ ಹೇಳಿದ್ದು ಸುಳ್ಳಲ್ಲ. ಹಾಲು ಕುಡಿಯುತ್ತಾ ನಿದ್ದೆ ಹೋಗೋದು ಮಗುವಿಗೆ ಯಾರೋ ಕಲಿಸಿದ ದುರಭ್ಯಾಸವಲ್ಲ. ಅದರ ದೇಹ ಇರುವುದೇ ಹಾಗೆ.

ಹಾಗಾದರೆ ತೊಂದರೆ ಎಲ್ಲಿ ಶುರುವಾಗುತ್ತೆ?

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿದ್ದೀರಿ ಅಂದುಕೊಳ್ಳಿ. ಬಸ್ಸು ಓಡುತ್ತಿರುವಷ್ಟು ಹೊತ್ತು ಗಾಢ ನಿದ್ದೆ. ತಿಪಟೂರಿನ ಹತ್ತಿರ ಎಲ್ಲೋ ಚಹಾಕ್ಕೆ ಅಂತ ಬಸ್ಸು ನಿಂತಿತು. ಯಾರೂ ನಿಮ್ಮನ್ನು ಎಬ್ಬಿಸಿಲ್ಲ, ಗಲಾಟೆಯೂ ಇಲ್ಲ. ಆದರೂ ಕಣ್ಣು ಬಿಟ್ಟಿರಿ, ಕಿಟಕಿಯಿಂದ ಹೊರಗೆ ನೋಡಿದಿರಿ. ಯಾಕೆ? ನಿದ್ದೆ ಹೋದಾಗ ಇದ್ದ ಸ್ಥಿತಿ ಈಗಿಲ್ಲ. ಅದಕ್ಕೇ ಮೆದುಳು "ಏನಾಯ್ತು?" ಅಂತ ಒಮ್ಮೆ ಪರೀಕ್ಷೆ ಮಾಡಿತು.

ಮಗುವಿಗೂ ಹೀಗೇ ಆಗುತ್ತೆ. ಶಿಶುವಿನ ನಿದ್ದೆಯ ಒಂದು ಸುತ್ತು ಸುಮಾರು 50ರಿಂದ 60 ನಿಮಿಷ, ನಮ್ಮದು ಸುಮಾರು 90. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ ನಿದ್ದೆ ತೆಳುವಾಗುತ್ತೆ, ಕೆಲವೊಮ್ಮೆ ಪೂರ್ತಿ ಎಚ್ಚರವೇ ಆಗುತ್ತೆ. ಅಮ್ಮನ ಎದೆಗೆ ಬಾಯಿ ಇಟ್ಟುಕೊಂಡು ನಿದ್ದೆ ಹೋದ ಮಗು ಎಚ್ಚರವಾದಾಗ ಕಾಣುವುದು ತಣ್ಣನೆಯ, ಅಲುಗಾಡದ ಹಾಸಿಗೆ. ಬಸ್ಸು ನಿಂತಿದೆ. ಅದನ್ನು ಮತ್ತೆ ಓಡಿಸಲು ಮಗುವಿಗೆ ಗೊತ್ತಿರುವ ಒಂದೇ ದಾರಿ ಅಂದರೆ ಅಳು.

ಇಲ್ಲಿ ಒಂದು ಸ್ವಾರಸ್ಯ ಇದೆ. 1970ರ ದಶಕದಲ್ಲಿ ಥಾಮಸ್ ಆಂಡರ್ಸ್ ಎಂಬ ಅಮೆರಿಕದ ಸಂಶೋಧಕರು ಮನೆಗಳಲ್ಲಿ ಕ್ಯಾಮೆರಾ ಇಟ್ಟು ಶಿಶುಗಳು ಮಲಗುವುದನ್ನು ರಾತ್ರಿಯಿಡೀ ಚಿತ್ರೀಕರಿಸಿದರು. "ನಮ್ಮ ಮಗು ರಾತ್ರಿಯಿಡೀ ಏಳಲ್ಲ" ಅಂದ ಮನೆಗಳ ಮಕ್ಕಳೂ ಏಳುತ್ತಿದ್ದವು. ಅವು ಕಣ್ಣು ಬಿಟ್ಟು, ಸ್ವಲ್ಪ ಹೊರಳಾಡಿ, ಬೆರಳು ಚೀಪಿ ಮತ್ತೆ ಮಲಗುತ್ತಿದ್ದವು, ಅಷ್ಟೇ. ಉಳಿದವು ಕರೆಯುತ್ತಿದ್ದವು. ಎಚ್ಚರ ಆಗೋದರಲ್ಲಿ ಅಲ್ಲ, ಎಚ್ಚರವಾದಮೇಲೆ ವಾಪಸ್ ನಿದ್ದೆಗೆ ಹೋಗೋ ದಾರಿಯಲ್ಲಿ ಮಕ್ಕಳ ನಡುವೆ ವ್ಯತ್ಯಾಸ ಇತ್ತು.

ಇದರಿಂದ ಇನ್ನೊಂದು ಮಾತೂ ಅರ್ಥವಾಗುತ್ತೆ. ಬಹಳ ತಾಯಂದಿರು ಹೇಳುತ್ತಾರೆ, "ಹತ್ತು, ಹನ್ನೊಂದರವರೆಗೆ ಹೇಗೋ ಪರವಾಗಿಲ್ಲ, ಮಧ್ಯರಾತ್ರಿ ಕಳೆದಮೇಲೆ ಗಂಟೆಗೊಂದು ಸಲ ಏಳುತ್ತೆ" ಅಂತ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಜಾಸ್ತಿ, ದಿನವೆಲ್ಲ ಕೂಡಿಟ್ಟ ನಿದ್ದೆಯ ಒತ್ತಡವೂ ಜಾಸ್ತಿ. ಹಾಗಾಗಿ ಸಂಧಿಗಳನ್ನು ಮಗು ಸುಲಭವಾಗಿ ದಾಟುತ್ತೆ. ಬೆಳಗಿನ ಜಾವದ ಹೊತ್ತಿಗೆ ಆ ಒತ್ತಡ ಕರಗಿರುತ್ತೆ, ನಿದ್ದೆ ತೆಳುವಾಗಿರುತ್ತೆ. ಪ್ರತಿ ಸಂಧಿಯಲ್ಲೂ ಸಹಾಯ ಬೇಕಾಗುತ್ತೆ.

ಬದಲಾಯಿಸಬೇಕಾ, ಬೇಡವಾ?

ಮೊದಲ ನಾಲ್ಕರಿಂದ ಆರು ತಿಂಗಳು ಈ ಪ್ರಶ್ನೆಯನ್ನೇ ಕೇಳಿಕೊಳ್ಳಬೇಕಾಗಿಲ್ಲ. ಆ ವಯಸ್ಸಿನಲ್ಲಿ ರಾತ್ರಿ ಹಾಲು ಬೇಕೇ ಬೇಕು, ತೂಗಿದರೆ ತಪ್ಪೇನೂ ಇಲ್ಲ. ಆಗೊಮ್ಮೆ ಈಗೊಮ್ಮೆ ಜೊಂಪಿನಲ್ಲಿರುವಾಗಲೇ ಕೆಳಗೆ ಮಲಗಿಸಿ ನೋಡಬಹುದು. ಮಲಗಿದರೆ ಸರಿ, ಅತ್ತರೆ ಎತ್ತಿಕೊಳ್ಳಿ.

ಆರು ತಿಂಗಳು ಆದಮೇಲೂ "ಎಲ್ಲರ ಮಕ್ಕಳೂ ರಾತ್ರಿಯಿಡೀ ಮಲಗುತ್ತವೆ, ನಮ್ಮದು ಮಾತ್ರ ಏಳುತ್ತೆ" ಅನ್ನೋದು ನಿಜವಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳ ಮಕ್ಕಳಲ್ಲಿ ಶೇಕಡಾ 38ರಷ್ಟು ಸತತ ಆರು ಗಂಟೆ ಮಲಗುತ್ತಿರಲಿಲ್ಲ. ಒಂದು ವರ್ಷದ ಮಕ್ಕಳಲ್ಲೂ ಶೇಕಡಾ 28ರಷ್ಟು ಮಲಗುತ್ತಿರಲಿಲ್ಲ. ಹೀಗೆ ಏಳುವುದಕ್ಕೂ ಮಕ್ಕಳ ಬೆಳವಣಿಗೆಗೂ ಯಾವ ಸಂಬಂಧವೂ ಅಲ್ಲಿ ಕಾಣಲಿಲ್ಲ.

ಆದ್ದರಿಂದ ಮಗು ಚೆನ್ನಾಗಿ ಬೆಳೆಯುತ್ತಿದೆ, ಮನೆಯವರು ಹೇಗೋ ನಿದ್ದೆ ಹೊಂದಿಸಿಕೊಂಡಿದ್ದಾರೆ, ಯಾರಿಗೂ ಇದು ಭಾರ ಅನ್ನಿಸಿಲ್ಲ ಅಂದರೆ ಬದಲಾಯಿಸುವ ಅಗತ್ಯ ಇಲ್ಲ. ಆದರೆ ತಾಯಿ ಮಾತ್ರವೇ ಮಗುವನ್ನು ಮಲಗಿಸಬಲ್ಲರು ಅನ್ನುವ ಸ್ಥಿತಿ ಇದ್ದು, ರಜೆ ಮುಗಿದು ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂದಿರಬಹುದು. ನಿದ್ದೆಗೆಟ್ಟು ಕಾರು ಓಡಿಸುವಾಗ ಕಣ್ಣು ಮುಚ್ಚಿ ಹೋಗುತ್ತಿರಬಹುದು, ಸುಮ್ಮಸುಮ್ಮನೆ ಅಳು ಬರುತ್ತಿರಬಹುದು. ಹಾಗಿದ್ದರೆ ಬದಲಾಯಿಸಲು ಅದೇ ಸಾಕಷ್ಟು ಕಾರಣ. ಮನಸ್ಸು ಕುಗ್ಗಿದ್ದು ವಾರಗಟ್ಟಲೆ ಹಾಗೇ ಇದ್ದರೆ ವೈದ್ಯರಿಗೆ ಹೇಳಿ. ಮಗುವಿನ ನಿದ್ದೆ ಸರಿಹೋದರೆ ಎಲ್ಲವೂ ಸರಿಹೋಗುತ್ತೆ ಅಂತ ಕಾಯಬೇಡಿ.

ಎರಡು ಸಂದರ್ಭಗಳಲ್ಲಿ ಮಾತ್ರ ಇಷ್ಟ ಇರಲಿ ಬಿಡಲಿ ಗಮನ ಕೊಡಲೇಬೇಕು. ಒಂದು, ಸುರಕ್ಷತೆ. ಸೋಫಾ ಅಥವಾ ಆರಾಮ ಕುರ್ಚಿಯಲ್ಲಿ ಕೂತು ಹಾಲು ಕುಡಿಸುತ್ತಾ ನೀವೇ ನಿದ್ದೆ ಹೋಗುವುದು ತುಂಬಾ ಅಪಾಯ. ಮಗು ದಿಂಬಿನ ಸಂದಿಗೆ ಜಾರಿ ಉಸಿರು ಕಟ್ಟಬಹುದು. ನಿದ್ದೆ ಬರಬಹುದು ಅನ್ನಿಸಿದರೆ ಸೋಫಾಕ್ಕಿಂತ ದಿಂಬು, ರಜಾಯಿ ತೆಗೆದ ಮಂಚವೇ ಮೇಲು. ಎಚ್ಚರವಾದ ಕೂಡಲೇ ಮಗುವನ್ನು ಅದರ ಹಾಸಿಗೆಗೆ ಹಾಕಿ. ತೂಗಿ ಮಲಗಿಸಿದರೂ ಮಗು ನಿದ್ದೆ ಮುಂದುವರಿಸಬೇಕಾದ್ದು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ, ಅಂಗಾತವಾಗಿ. ಬ್ಯಾಟರಿಯಿಂದ ತೂಗುವ ಉಯ್ಯಾಲೆ, ಕಾರ್ ಸೀಟು, ಸೀರೆಯ ಜೋಲಿ ಇವುಗಳಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತೆ, ಉಸಿರಿನ ದಾರಿ ಇಕ್ಕಟ್ಟಾಗುತ್ತೆ. ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಜಾರಿರುವ ಶಿಶು ಹಾಸಿಗೆಗಳನ್ನು ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಮಗು ಹೊರಳಲು ಕಲಿತಮೇಲಂತೂ ಜೋಲಿಯ ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವೂ ಇದೆ.

ಎರಡನೆಯದು ಹಲ್ಲು. ಬಾಟಲಿಯನ್ನು ಬಾಯಲ್ಲೇ ಬಿಟ್ಟು ಮಲಗಿಸಿದರೆ ಹಾಲು ಹಲ್ಲಿನ ಸುತ್ತ ನಿಂತು ಹುಳುಕು ಶುರುವಾಗುತ್ತೆ. ಎದೆಹಾಲಿನಿಂದ ಮೊದಲ ವರ್ಷ ಆ ಭಯ ಇಲ್ಲ. ವರ್ಷ ದಾಟಿದಮೇಲೂ ರಾತ್ರಿ ಮತ್ತೆ ಮತ್ತೆ ಕುಡಿಯುತ್ತಿದ್ದರೆ ಹುಳುಕಿನ ಸಾಧ್ಯತೆ ಹೆಚ್ಚುತ್ತೆ ಅಂತ ಅಧ್ಯಯನಗಳು ಹೇಳುತ್ತವೆ. ಮೊದಲ ಹಲ್ಲು ಬಂದ ದಿನದಿಂದ ರಾತ್ರಿ ಒಂದು ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಿ.

ಹಸಿವಾ, ಅಭ್ಯಾಸವಾ?

ಬದಲಾವಣೆಗೆ ಕೈ ಹಾಕುವ ಮೊದಲು ನಾಲ್ಕೈದು ರಾತ್ರಿ ಬರೆದಿಟ್ಟುಕೊಳ್ಳಿ. ಎಷ್ಟು ಗಂಟೆಗೆ ಎದ್ದಿತು, ಎಷ್ಟು ನಿಮಿಷ ಕುಡಿಯಿತು, ಗುಟುಕು ಕೇಳಿಸಿತಾ. ಐದಾರು ನಿಮಿಷ ಗುಟುಕು ಗುಟುಕಾಗಿ ನುಂಗಿದರೆ ಅದು ನಿಜವಾದ ಊಟ. ನಾಲ್ಕು ಸಲ ಚೀಪಿ, ಒಂದೆರಡು ನಿಮಿಷದಲ್ಲಿ ಬಾಯಿ ಸಡಿಲವಾಗಿ ನಿದ್ದೆ ಹೋದರೆ ಅದು ನಿಂತ ಬಸ್ಸನ್ನು ಓಡಿಸಿಕೊಂಡದ್ದು. ಹೊಟ್ಟೆ ತುಂಬಾ ಕುಡಿದು ಒಂದು ಗಂಟೆಗೇ ಮತ್ತೆ ಎದ್ದರೆ ಅದು ಸಾಮಾನ್ಯವಾಗಿ ಹಸಿವಲ್ಲ.

ಮಗು ಗೊರಕೆ ಹೊಡೆಯುತ್ತಿದ್ದರೆ, ಬಾಯಲ್ಲಿ ಉಸಿರಾಡುತ್ತಿದ್ದರೆ, ತೂಕ ಸರಿಯಾಗಿ ಏರದಿದ್ದರೆ, ಹಾಲು ಕುಡಿದಮೇಲೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅತ್ತರೆ, ಅಥವಾ ಚೆನ್ನಾಗಿ ಮಲಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಲಗಿದ ಭಂಗಿಯಲ್ಲೇ ಚೀರುತ್ತಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಕಿವಿನೋವು ಇರುವ ಮಗುವಿಗೆ ನಿದ್ದೆಯ ಅಭ್ಯಾಸ ಕಲಿಸಲು ಹೊರಡುವುದು ಅನ್ಯಾಯ. ಹಾಗೇ ರಾತ್ರಿಯ ಹಾಲು ಕಡಿಮೆ ಮಾಡುವ ಮುಂಚೆ, ಮಗುವಿನ ತೂಕ ನೋಡಿ ವೈದ್ಯರು ಸರಿ ಅಂದಿರಬೇಕು.

ಒಂದು ಮನೆಯ ಲೆಕ್ಕ

ಈಗ ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಇದು ಒಂದೇ ಮನೆಯ ಕಥೆ ಅಲ್ಲ. ಸಾಮಾನ್ಯವಾಗಿ ಹೇಗೆ ನಡೆಯುತ್ತೆ ಅಂತ ತೋರಿಸಲು ನಾವು ಕಟ್ಟಿದ ಲೆಕ್ಕ.

ಇಂಗ್ಲೆಂಡಿನಲ್ಲಿರುವ ಒಂದು ಮನೆ. ಪುಟ್ಟಿಗೆ ಹತ್ತು ತಿಂಗಳು. ಆರು ತಿಂಗಳು ಜೊತೆಗಿದ್ದ ಅಜ್ಜಿ ಊರಿಗೆ ಮರಳಿದ್ದಾರೆ. ಇನ್ನೆರಡು ತಿಂಗಳಿಗೆ ಅಮ್ಮನ ರಜೆ ಮುಗಿಯುತ್ತೆ. ಪುಟ್ಟಿ ಮಲಗುವುದು ಹಾಲು ಕುಡಿಯುತ್ತಲೇ, ಅದೂ ಅಮ್ಮನ ಹತ್ತಿರ ಮಾತ್ರ. ಬರೆದಿಟ್ಟ ಪಟ್ಟಿ ಹೀಗಿದೆ: ಎಂಟಕ್ಕೆ ಮಲಗಿಸಲು ಶುರು, ನಿದ್ದೆ ಬರೋದು 8:45ಕ್ಕೆ. ಏಳೋದು 10:15, 11:40, 1:00, 2:20, 3:40, 5:10. ಬೆಳಗಾಗೋದು ಏಳಕ್ಕೆ. ಆರು ಸಲ ಎದ್ದರೂ ಗುಟುಕು ಕೇಳಿಸಿದ್ದು ಎರಡೇ ಸಲ, 1:00ಕ್ಕೆ ಮತ್ತು 5:10ಕ್ಕೆ. ಉಳಿದ ನಾಲ್ಕೂ ಸಲ ಎರಡು ನಿಮಿಷ ಚೀಪಿ ನಿದ್ದೆ.

ಇವರು ಮಾಡಿದ ಮೊದಲ ಕೆಲಸ ಹೊತ್ತು ಸರಿ ಮಾಡಿದ್ದು. ನಿದ್ದೆ ನಿಜವಾಗಿ ಬರೋದೇ 8:45ಕ್ಕೆ ಅಂದಮೇಲೆ ಎಂಟರಿಂದ ಹೋರಾಡುವುದರಲ್ಲಿ ಅರ್ಥವಿಲ್ಲ. ಸದ್ಯಕ್ಕೆ 8:45ನ್ನೇ ಮಲಗುವ ಹೊತ್ತು ಮಾಡಿಕೊಂಡರು. ಮಧ್ಯಾಹ್ನದ ಕೊನೆಯ ನಿದ್ದೆ ಐದರೊಳಗೆ ಮುಗಿಯುವಂತೆ, ಬೆಳಗ್ಗೆ ದಿನಾ ಏಳಕ್ಕೇ ಎಬ್ಬಿಸುವಂತೆ ನೋಡಿಕೊಂಡರು. ಹೊಸ ರೀತಿಯಲ್ಲಿ ಮಲಗಲು ಕಲಿಯುವ ಮಗುವಿಗೆ ನಿದ್ದೆಯ ಒತ್ತಡ ಜೊತೆಗಿರಬೇಕು. ನಿದ್ದೆಯೇ ಬಂದಿರದ ಮಗುವನ್ನು ಮಲಗಿಸುವ ಯಾವ ಸೌಮ್ಯ ವಿಧಾನವೂ ಇಲ್ಲ.

ಎರಡನೇ ಕೆಲಸ, ಹಾಲನ್ನು ನಿದ್ದೆಯಿಂದ ಬಿಡಿಸಿದ್ದು. ಹಾಲು ನಿಲ್ಲಿಸಲಿಲ್ಲ, ಹಿಂದಕ್ಕೆ ಸರಿಸಿದರು, ಅಷ್ಟೇ. 8:15ಕ್ಕೆ ಬೆಳಕಿರುವ ಹಾಲ್‌ನಲ್ಲಿ ಹೊಟ್ಟೆ ತುಂಬಾ ಹಾಲು. ಆಮೇಲೆ ಹಲ್ಲು ಉಜ್ಜಿ, ಡಯಾಪರ್ ಬದಲಿಸಿ, ಮಂದ ಬೆಳಕಿನ ಕೋಣೆಯಲ್ಲಿ ಒಂದು ಲಾಲಿ ಹಾಡು. ಅಲ್ಲಿಂದ ಮುಂದಿನದು ಅಪ್ಪನ ಪಾಳಿ. ಎತ್ತಿಕೊಂಡು ನಡೆದಾಡಿ, ತೂಗಿ ಮಲಗಿಸೋದು. "ಒಂದು ಅಭ್ಯಾಸ ಬಿಡಿಸಲು ಹೋಗಿ ಇನ್ನೊಂದು ಕಲಿಸಿದ ಹಾಗಾಯ್ತಲ್ಲ?" ಅಂತ ಕೇಳಬಹುದು. ಹೌದು, ಬೇಕಂತಲೇ. ತೂಗುವುದನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬಹುದು, ಅದನ್ನು ಯಾರು ಬೇಕಾದರೂ ಮಾಡಬಹುದು. ಹಾಲಿನಲ್ಲಿ ಆ ಎರಡೂ ಅನುಕೂಲ ಇಲ್ಲ.

ಮೊದಲ ರಾತ್ರಿ ಪುಟ್ಟಿ ಅಪ್ಪನ ತೋಳಿನಲ್ಲೇ 35 ನಿಮಿಷ ರಚ್ಚೆ ಹಿಡಿದಳು. ಎರಡನೇ ರಾತ್ರಿ 40 ನಿಮಿಷ. ಬಹಳ ಮನೆಗಳು ಇಲ್ಲೇ ಕೈಬಿಡುತ್ತವೆ, ಯಾಕೆಂದರೆ ಎರಡನೇ ರಾತ್ರಿ ಮೊದಲನೆಯದಕ್ಕಿಂತ ಕೆಟ್ಟದಾಗಿರಬಹುದು. ಮೂರನೇ ರಾತ್ರಿ 20, ನಾಲ್ಕನೇ ರಾತ್ರಿ 15. ಸೌಮ್ಯ ಅಂದರೆ ಅಳುವೇ ಇಲ್ಲ ಅಂತಲ್ಲ. ಮಗು "ನನಗೆ ಇದು ಬೇಡ" ಅಂತ ಹೇಳುತ್ತೆ, ನಾವು ಎತ್ತಿಕೊಂಡು ಅದನ್ನು ಕೇಳಿಸಿಕೊಳ್ಳುತ್ತೇವೆ. ಒಂಟಿಯಾಗಿ ಬಿಡಲ್ಲ. ಅಳು ತಾರಕಕ್ಕೆ ಹೋಗಿ ಸಮಾಧಾನವೇ ಆಗದಿದ್ದರೆ ಆ ರಾತ್ರಿ ಹಾಲು ಕೊಟ್ಟು ಮಲಗಿಸಿದರೂ ಆಕಾಶವೇನೂ ಕಳಚಿ ಬೀಳಲ್ಲ.

ಮೂರನೇ ಕೆಲಸ, ತೂಗುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದು, ಒಂದೊಂದು ಮೆಟ್ಟಿಲಿಗೆ ಸುಮಾರು ಮೂರು ರಾತ್ರಿ. ಐದರಿಂದ ಏಳನೇ ರಾತ್ರಿ, ನಡೆಯದೆ ನಿಂತಲ್ಲೇ ತೂಗಿದರು. ಎಂಟನೇ ರಾತ್ರಿಯಿಂದ ಕೂತು, ಅಲುಗಾಡದೆ ಎದೆಗೊತ್ತಿಕೊಂಡರು. ಒಂಬತ್ತನೇ ರಾತ್ರಿ ಪುಟ್ಟಿಗೆ ನೆಗಡಿ, ಮೂಗು ಕಟ್ಟಿತು. ಎಲ್ಲವನ್ನೂ ಬಿಟ್ಟು ಐದು ರಾತ್ರಿ ಅವಳಿಗೆ ಬೇಕಾದ ಹಾಗೆ ಮಲಗಿಸಿದರು. 14ನೇ ರಾತ್ರಿ ಮತ್ತೆ ಕೂತು ಹಿಡಿದುಕೊಳ್ಳುವ ಮೆಟ್ಟಿಲಿಂದಲೇ ಮುಂದುವರಿಸಿದರು, ಮೊದಲಿನಿಂದ ಶುರು ಮಾಡಬೇಕಾಗಲಿಲ್ಲ. 17ನೇ ರಾತ್ರಿಯಿಂದ, ಕಣ್ಣು ಎಳೆಯುತ್ತಿರುವಾಗಲೇ ಕ್ರಿಬ್‌ನಲ್ಲಿ ಮಲಗಿಸಿ ತಟ್ಟಿದರು. 20ನೇ ರಾತ್ರಿಯಿಂದ ತಟ್ಟದೆ ಬರೀ ಕೈ ಇಟ್ಟುಕೊಂಡು ಕೂತರು.

ಎತ್ತಿಕೊಂಡು ಮಲಗಿಸುವ ಹಂತದಲ್ಲಿ, ಕೆಳಗೆ ಹಾಕಿದ ಕೂಡಲೇ ಏಳೋದು ಎಲ್ಲರ ಗೋಳು. ಇಲ್ಲಿ ಕುರೋಡ ಅವರ ಅಧ್ಯಯನ ಉಪಯೋಗಕ್ಕೆ ಬರುತ್ತೆ. ಮಗುವನ್ನು ಎಚ್ಚರಿಸಿದ್ದು ಹಾಸಿಗೆ ತಾಗಿದ್ದಲ್ಲ, ಎತ್ತಿಕೊಂಡವರ ಮೈಯಿಂದ ಬಿಡಿಸಿಕೊಳ್ಳಲು ಶುರುವಾದ ಕ್ಷಣ. ನಿದ್ದೆ ಬಂದ ಮೇಲೆ ಐದರಿಂದ ಎಂಟು ನಿಮಿಷ ಹಾಗೇ ಎತ್ತಿಕೊಂಡು ಕೂತು, ಆಮೇಲೆ ಮಲಗಿಸಿ ಅಂತ ಅವರ ಸಲಹೆ. ಅಷ್ಟರಲ್ಲಿ ನಿದ್ದೆ ಗಟ್ಟಿಯಾಗಿರುತ್ತೆ.

ಇಷ್ಟು ದಿನವೂ ಮಧ್ಯರಾತ್ರಿ ಎದ್ದಾಗ ಅಮ್ಮ ಹಿಂದಿನ ಹಾಗೇ ಹಾಲು ಕೊಡುತ್ತಿದ್ದರು. ಇದು ಮುಖ್ಯ. ಕಲಿಕೆ ಸುಲಭವಾಗೋದು ನಿದ್ದೆಯ ಒತ್ತಡ ಅತಿ ಹೆಚ್ಚಿರುವ, ದೊಡ್ಡವರಿಗೂ ಸಹನೆ ಉಳಿದಿರುವ ಮಲಗುವ ಹೊತ್ತಿನಲ್ಲಿ. ರಾತ್ರಿ ಮೂರಕ್ಕೆ ಯಾರಿಗೂ ಪಾಠ ಹತ್ತಲ್ಲ. 17ನೇ ರಾತ್ರಿಯ ನಂತರ 10:15ರ ಎಚ್ಚರ ತಾನಾಗಿಯೇ ಮಾಯವಾಯಿತು. ಮಗು ಎಚ್ಚರವಾಗುತ್ತಿತ್ತು, ಆದರೆ ಕುಂಯ್ ಅಂದು, ಮಗ್ಗುಲು ಬದಲಿಸಿ ಮಲಗುತ್ತಿತ್ತು. ಇದು ಕಾಣಬೇಕಾದರೆ ಮೊದಲ ಕುಂಯ್‌ಗೇ ಓಡಿ ಹೋಗದೆ ಒಂದೆರಡು ನಿಮಿಷ ಕಿವಿಗೊಟ್ಟು ಕಾಯಬೇಕು.

23ನೇ ರಾತ್ರಿಯಿಂದ ಗುಟುಕಿಲ್ಲದ ಉಳಿದ ಮೂರು ಎಚ್ಚರಗಳಿಗೆ ಅಪ್ಪ ಹೋಗಿ, ಮಲಗಿಸುವಾಗ ಮಾಡಿದ ಹಾಗೇ ಕೈ ಇಟ್ಟು ಮಲಗಿಸಿದರು. 1:00 ಮತ್ತು 5:10ರ ಹಾಲು ಹಾಗೇ ಉಳಿಯಿತು. ಐದು ವಾರದ ಹೊತ್ತಿಗೆ ಪುಟ್ಟಿ ಎರಡೇ ಸಲ ಕರೆಯುತ್ತಿದ್ದಳು, ಕೆಲವು ರಾತ್ರಿ ಮೂರು. ಈ ಮನೆ ಅಲ್ಲಿಗೇ ನಿಲ್ಲಿಸಿತು. ಹತ್ತು ತಿಂಗಳ ಮಗು ಎರಡು ಸಲ ಹಾಲು ಕುಡಿಯೋದು ಅವರಿಗೆ ಭಾರ ಅನ್ನಿಸಲಿಲ್ಲ. ಮುಂದೆ ಅದನ್ನೂ ಕಡಿಮೆ ಮಾಡಬೇಕು ಅಂದರೆ, ಎಂಟು ನಿಮಿಷ ಕುಡಿಯುವ ಮಗುವಿಗೆ ಎರಡು ರಾತ್ರಿಗೊಮ್ಮೆ ಒಂದೊಂದು ನಿಮಿಷ ಇಳಿಸಬಹುದು. ಬಾಟಲಿಯಾದರೆ ಎರಡು ರಾತ್ರಿಗೊಮ್ಮೆ 20ರಿಂದ 30 ಮಿಲಿಲೀಟರ್ ಇಳಿಸಬಹುದು.

ಅಮ್ಮ ಒಬ್ಬರೇ ಇದ್ದರೆ?

ಎಲ್ಲ ಮನೆಯಲ್ಲೂ ರಾತ್ರಿ ಪಾಳಿಗೆ ಇನ್ನೊಬ್ಬರು ಇರಲ್ಲ. ಆಗ ಎಲಿಜಬೆತ್ ಪ್ಯಾಂಟ್ಲಿ 2002ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಉಪಾಯವನ್ನು ಮಾಡಿ ನೋಡಬಹುದು. ಮಗು ಕುಡಿಯುತ್ತಾ ಗುಟುಕು ನಿಂತು, ಬರೀ ತುಟಿ ಅದುರುವ ಹಂತ ಬರುತ್ತಲ್ಲ, ಆಗ ತೊಳೆದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಮೆಲ್ಲಗೆ ಒಳಗೆ ತೂರಿಸಿ ಹಿಡಿತ ಬಿಡಿಸಿ. ಗದ್ದದ ಕೆಳಗೆ ಬೆರಳು ಇಟ್ಟು ಬಾಯಿ ಮುಚ್ಚಿಸಿ. ಹುಡುಕಾಡಿದರೆ ಹತ್ತು ಸೆಕೆಂಡು ಕಾದು ನೋಡಿ, ಆಮೇಲೂ ಬೇಕು ಅಂದರೆ ಕೊಡಿ. ಮತ್ತೆ ಬಿಡಿಸಿ. ಮೊದಲ ರಾತ್ರಿ ಐದಾರು ಸಲ ಆಗಬಹುದು. ಬಾಯಲ್ಲಿ ಏನೂ ಇಲ್ಲದೆ ನಿದ್ದೆಗೆ ಜಾರುವ ಕೊನೆಯ ಅರ್ಧ ನಿಮಿಷವನ್ನು ಮಗು ಅಭ್ಯಾಸ ಮಾಡಬೇಕು, ಅದೇ ಇಲ್ಲಿನ ಗುರಿ. ಇದಕ್ಕೆ ವಾರಗಳು ಹಿಡಿಯುತ್ತವೆ.

ಎಲ್ಲಿ ಎಡವುತ್ತೇವೆ?

ಸಾಮಾನ್ಯವಾಗಿ ಎರಡು ಕಡೆ. ಒಂದು, ಒಂದೇ ವಾರದಲ್ಲಿ ಹಾಲು, ತೂಗುವುದು, ಕೋಣೆ ಮೂರನ್ನೂ ಬದಲಿಸುವುದು. ಆಗ ಮಗುವಿಗೆ ಪರಿಚಿತವಾದದ್ದು ಏನೂ ಉಳಿಯಲ್ಲ. ಇನ್ನೊಂದು, ಎರಡು ರಾತ್ರಿ ಹೊಸ ರೀತಿ, ಮೂರನೇ ರಾತ್ರಿ ಮುಕ್ಕಾಲು ಗಂಟೆ ಅತ್ತಮೇಲೆ ಹಳೆಯ ರೀತಿ, ನಾಲ್ಕನೇ ರಾತ್ರಿ ಮತ್ತೆ ಹೊಸದು. ಇದರಿಂದ ಮಗು ಕಲಿಯುವ ಪಾಠ ಒಂದೇ: ಸಾಕಷ್ಟು ಹೊತ್ತು ಅತ್ತರೆ ಬಸ್ಸು ಓಡುತ್ತೆ. ಇವತ್ತು ಆಗಲ್ಲ ಅನ್ನಿಸಿದರೆ ಮುಕ್ಕಾಲು ಗಂಟೆ ಕಾಯಬೇಡಿ, ಐದು ನಿಮಿಷದಲ್ಲೇ ಹಳೆಯ ರೀತಿಗೆ ಹೋಗಿ.

ಊರಿಗೆ ಹೋಗುವ ಟಿಕೆಟ್ ಬುಕ್ ಆಗಿದ್ದರೆ ಅದಕ್ಕೆ ಮುಂಚಿನ ಎರಡು ವಾರದಲ್ಲಿ ಇದನ್ನು ಶುರು ಮಾಡಬೇಡಿ. ಊರಲ್ಲಿ ಅಜ್ಜಿ ಕಾಲ ಮೇಲೆ ಹಾಕಿ ತೂಗಿದರೆ ತೂಗಲಿ. ವಾಪಸ್ ಬಂದು, ಹೊತ್ತಿನ ವ್ಯತ್ಯಾಸ ಸರಿಹೋಗಲು ಒಂದು ವಾರ ಬಿಟ್ಟು, ಮೂರನೇ ಮೆಟ್ಟಿಲಿಂದಲೋ ನಾಲ್ಕನೇ ಮೆಟ್ಟಿಲಿಂದಲೋ ಮುಂದುವರಿಸಿ.

ಕೊನೆಯದಾಗಿ, ಇದೆಲ್ಲದರಿಂದ ಮಗುವಿಗೆ ಹಾನಿ ಆಗುತ್ತಾ ಅನ್ನೋ ಭಯ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 326 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿನ ತಾಯ್ತಂದೆಯರಿಗೆ, ಮಗುವಿನ ಪಕ್ಕದಲ್ಲೇ ಕೂತು ನಿಧಾನಕ್ಕೆ ದೂರ ಸರಿಯುವ ವಿಧಾನವೂ ಸೇರಿದಂತೆ ನಿದ್ದೆಯ ಅಭ್ಯಾಸ ಬದಲಿಸುವ ಕ್ರಮಗಳನ್ನು ಹೇಳಿಕೊಟ್ಟರು. ಮಕ್ಕಳಿಗೆ ಆರು ವರ್ಷ ಆದಾಗ ಮತ್ತೆ ನೋಡಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಮಕ್ಕಳ ಮನಸ್ಸು, ನಡತೆ, ತಾಯ್ತಂದೆಯರ ಜೊತೆಗಿನ ನಂಟು, ಯಾವುದರಲ್ಲೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ. ಬದಲಾಯಿಸಿದವರಿಗೆ ಹಾನಿ ಆಗಿರಲಿಲ್ಲ. ಬದಲಾಯಿಸದವರಿಗೂ ಏನೂ ನಷ್ಟ ಆಗಿರಲಿಲ್ಲ.

ಈ ಎರಡನೇ ವಾಕ್ಯವನ್ನು ಯಾರೂ ಅಷ್ಟಾಗಿ ಹೇಳಲ್ಲ, ಅದಕ್ಕೇ ನಾವು ಮತ್ತೊಮ್ಮೆ ಹೇಳುತ್ತಿದ್ದೇವೆ. ಬದಲಾಯಿಸಲು ಹೊರಟರೆ ಅದು ಈ ವರ್ಷ ನಿಮ್ಮ ಮನೆಯ ನಿದ್ದೆಗಾಗಿ. ಮಗುವಿನ ಭವಿಷ್ಯ ಉಳಿಸಲಿಕ್ಕಲ್ಲ. ಹಾಲು ಕುಡಿಸುತ್ತಲೇ ಮಲಗಿಸುವುದು ನಿಮಗೆ ಹಿತವಾಗಿದ್ದರೆ, ಮಗು ಮಲಗುವ ಜಾಗ ಸುರಕ್ಷಿತವಾಗಿದ್ದರೆ, ಕ್ಲಿನಿಕ್‌ನ ಕರಪತ್ರವನ್ನು ಮಡಚಿ ಡ್ರಾಯರ್‌ನಲ್ಲಿ ಇಡಿ. ಭಾರವಾಗಿದ್ದರೆ, ಇವತ್ತು ರಾತ್ರಿಯಿಂದ ಬರೆದಿಡಲು ಶುರು ಮಾಡಿ: ಎಷ್ಟು ಗಂಟೆಗೆ ಎದ್ದಿತು, ಎಷ್ಟು ನಿಮಿಷ ಕುಡಿಯಿತು, ಗುಟುಕು ಕೇಳಿಸಿತಾ.